ಹಿಂಬೆಳಕಿನಲ್ಲಿ ತೆಳು ಪರದೆ: ಅಂಗಡಿಯ ಕ್ಯಾಟಲಾಗಿಗೆ ನಂಬುವಂಥ ಕಿಟಕಿ ಚಿತ್ರ ಮಾಡುವ ಕ್ರಮ

ಪರದೆ, ಬ್ಲೈಂಡ್, ಸೋಫಾ ಬಟ್ಟೆ ಮಾರುವ ಅಂಗಡಿಯೊಂದು ಒಂದೇ ಬಗೆಯ ಪರದೆಯನ್ನು ಹನ್ನೆರಡು ಬಣ್ಣಗಳಲ್ಲಿ ತರಿಸಿದರೆ, ಹನ್ನೆರಡನ್ನೂ ಹೊಲಿಸಿ, ಒಂದೇ ಕಿಟಕಿಗೆ ಒಂದಾದ ಮೇಲೊಂದರಂತೆ ತೂಗುಹಾಕಿ, ಬೆಳಕು ಬದಲಾಗುವ ಮುನ್ನ ಛಾಯಾಚಿತ್ರ ತೆಗೆಯುವುದು ದುಬಾರಿಯ ಕೆಲಸ. ಅದಕ್ಕಾಗಿಯೇ ಈಗ ಇಂಥ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಕೋಣೆ ಕಟ್ಟಿ ರಚಿಸುವುದು ಹೆಚ್ಚಾಗಿದೆ. ದಪ್ಪ ಪರದೆಯ ಮಟ್ಟಿಗೆ ಇದು ಅಷ್ಟೇನೂ ಕಷ್ಟವಲ್ಲ. ನೆರಿಗೆ ಸರಿಯಾಗಿ ಬಿದ್ದರೆ ಉಳಿದದ್ದು ತಾನಾಗಿ ಒದಗಿ ಬರುತ್ತದೆ. ಆದರೆ ಅಂಗಡಿಯವರು ಶೀರ್ ಎಂದು ಕರೆಯುವ ತೆಳು ಪರದೆ, ಹಿಂದಿನಿಂದ ಬೆಳಕು ಬಿದ್ದ ಕೂಡಲೇ ಪಾಲಿಥೀನ್ ಹಾಳೆಯಂತೆ ಕಾಣತೊಡಗುತ್ತದೆ. ಇದಕ್ಕೆ ಬಹುತೇಕ ಒಂದೇ ಕಾರಣ: ಇಡೀ ಬಟ್ಟೆಗೆ ‘ಶೇಕಡ ಇಷ್ಟು ಪಾರದರ್ಶಕ’ ಎಂಬ ಒಂದೇ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ನಿಜವಾದ ಬಟ್ಟೆಯ ಸಾಂದ್ರತೆಯಾದರೋ ನೋಡುವ ಕೋನಕ್ಕೆ ತಕ್ಕಂತೆ, ಪದರಗಳ ಎಣಿಕೆಗೆ ತಕ್ಕಂತೆ ಅಂಗುಲ ಅಂಗುಲಕ್ಕೂ ಬದಲಾಗುತ್ತದೆ. ಈ ಲೇಖನದಲ್ಲಿ ಮುಖ್ಯವಾಗಿ ಆ ಒಂದು ವಿಷಯವನ್ನೇ ಸರಿಪಡಿಸುವ ಕ್ರಮವನ್ನು ವಿವರಿಸಲಾಗಿದೆ.

ಉದಾಹರಣೆಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಹಜಾರವನ್ನು ತೆಗೆದುಕೊಳ್ಳೋಣ. ಕಿಟಕಿಯ ಅಗಲ 6 ಅಡಿ, ಪರದೆ ಕೆನೆಬಣ್ಣದ ಪಾಲಿಯೆಸ್ಟರ್ ವಾಯಿಲ್, ಮೇಲೆ ಸ್ಟೀಲ್ ರಿಂಗ್ ಹಾಕಿದ್ದು. ತಂತ್ರಾಂಶ ಬ್ಲೆಂಡರ್, ಅದರಲ್ಲಿ ಸೈಕಲ್ಸ್ ಎಂಜಿನ್. ಬೇರೆ ತಂತ್ರಾಂಶ ಬಳಸುವವರಿಗೆ ಗುಂಡಿಗಳ ಹೆಸರು ಬೇರೆಯಾಗಬಹುದು, ಲೆಕ್ಕ ಮಾತ್ರ ಇದೇ.

ಮೊದಲು ಬಟ್ಟೆಯನ್ನು ಅಳೆಯಿರಿ

ಬಟ್ಟೆಯ ಸ್ಯಾಂಪಲ್ ತುಂಡನ್ನು ಅಂಗಡಿಯಿಂದ ಕೇಳಿ ಪಡೆಯದೆ ಈ ಕೆಲಸಕ್ಕೆ ಕೈಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ತೆಳು ಬಟ್ಟೆಯಲ್ಲಿ ಬೆಳಕು ಎರಡು ದಾರಿಗಳಲ್ಲಿ ಈಚೆ ಬರುತ್ತದೆ. ಒಂದು ಭಾಗ ಎಳೆಗಳ ನಡುವಿನ ರಂಧ್ರಗಳಲ್ಲಿ ನೇರವಾಗಿ ತೂರಿ ಬರುತ್ತದೆ. ಹೊರಗಿನ ಮರ, ಕಟ್ಟಡಗಳು ನಮಗೆ ಕಾಣುವುದು ಈ ಭಾಗದಿಂದ. ಇನ್ನೊಂದು ಭಾಗ ಎಳೆಗಳಿಗೆ ತಾಗಿ ಚದುರಿ ಬರುತ್ತದೆ; ಪರದೆ ತಾನೇ ಹೊಳೆಯುವಂತೆ ತೋರುವುದು ಇದರಿಂದ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು.

ನೇರವಾಗಿ ತೂರುವ ಪಾಲನ್ನು ಅಳೆಯಲು ದುಬಾರಿ ಉಪಕರಣವೇನೂ ಬೇಡ. ಒಂದು ಬಿಳಿ ಕಾಗದ ಮತ್ತು ಒಂದು ಕಪ್ಪು ಕಾಗದವನ್ನು ಅಕ್ಕಪಕ್ಕ ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಮ್ಯಾನ್ಯುಯಲ್ ಎಕ್ಸ್‌ಪೋಷರಿನಲ್ಲಿಟ್ಟು ಒಂದು ಚಿತ್ರ ತೆಗೆಯಿರಿ. ಆಮೇಲೆ ಏನನ್ನೂ ಬದಲಿಸದೆ, ಕಾಗದಗಳಿಂದ ಸುಮಾರು ಒಂದು ಅಡಿ ಮುಂದೆ ಬಟ್ಟೆಯನ್ನು ಬಿಗಿಯಾಗಿ ಹಿಡಿದು ಇನ್ನೊಂದು ಚಿತ್ರ ತೆಗೆಯಿರಿ. ಮೊಬೈಲ್ ಫೋನ್ ತನ್ನಷ್ಟಕ್ಕೆ ಬೆಳಕನ್ನು ತಿದ್ದಿಬಿಡುವುದರಿಂದ ರಾ ಕಡತ ಕೊಡುವ ಕ್ಯಾಮೆರಾ ಇದ್ದರೆ ಒಳ್ಳೆಯದು. ಅಳತೆಗೆ ಬೆಳಕಿನ ರೇಖೀಯ ಮೌಲ್ಯ ಬೇಕಾಗಿರುವುದರಿಂದ, ತಿದ್ದದ ಸಾಮಾನ್ಯ ಚಿತ್ರದಲ್ಲಿ ಓದಿದ 0–255ರ ಸಂಖ್ಯೆಯನ್ನು ಮೊದಲು 255ರಿಂದ ಭಾಗಿಸಿ, ಬಂದದ್ದನ್ನು 2.2ರ ಘಾತಕ್ಕೆ ಏರಿಸಿಕೊಳ್ಳಬೇಕು.

ಬಟ್ಟೆ ಇಲ್ಲದಾಗ ಬಿಳಿ ಕಾಗದ 0.80, ಕಪ್ಪು ಕಾಗದ 0.04 ಬಂದಿದೆ ಎಂದುಕೊಳ್ಳಿ; ವ್ಯತ್ಯಾಸ 0.76. ಬಟ್ಟೆ ಹಿಡಿದಾಗ ಬಿಳಿ 0.42, ಕಪ್ಪು 0.115 ಆದರೆ ವ್ಯತ್ಯಾಸ ಸುಮಾರು 0.305. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.40 ಸಿಗುತ್ತದೆ. ಬಟ್ಟೆಯ ಮೇಲೆ ಬಿದ್ದು ಚದುರಿದ ಬೆಳಕು ಎರಡೂ ಕಾಗದಗಳ ಮೇಲೆ ಸಮನಾಗಿ ಸೇರಿರುತ್ತದೆಯಾದ್ದರಿಂದ ಕಳೆಯುವಾಗ ಅದು ಹೊರಟುಹೋಗುತ್ತದೆ. ಉಳಿಯುವುದು ರಂಧ್ರಗಳಲ್ಲಿ ತೂರಿದ ಪಾಲು ಮಾತ್ರ. ಈ 0.40 ಮುಂದಿನ ಎಲ್ಲ ಹೆಜ್ಜೆಗಳಿಗೂ ಆಧಾರ.

ದರ್ಜಿಯ ಲೆಕ್ಕದಂತೆ ನೆರಿಗೆ

ಕಿಟಕಿ 6 ಅಡಿ, ಅಂದರೆ ಸುಮಾರು 180 ಸೆಂ.ಮೀ. ರಾಡ್ ಎರಡೂ ಕಡೆ 15 ಸೆಂ.ಮೀ. ಹೊರಚಾಚಿದರೆ 210 ಸೆಂ.ಮೀ. ತೆಳು ಬಟ್ಟೆಗೆ ರಾಡಿನ ಉದ್ದದ ಎರಡೂವರೆ ಪಟ್ಟು ಬಟ್ಟೆ ಕೊಟ್ಟರೆ ನೆರಿಗೆ ತುಂಬಿಕೊಂಡು ಕಾಣುತ್ತದೆ; ಆಗ ಬೇಕಾದ ಅಗಲ 525 ಸೆಂ.ಮೀ., ಎರಡು ಭಾಗ ಮಾಡಿದರೆ ಒಂದೊಂದಕ್ಕೆ ಸುಮಾರು 262 ಸೆಂ.ಮೀ. ಲಿಂಟಲ್ 7 ಅಡಿಗೆ ಇದ್ದು, ರಾಡ್ ಅದಕ್ಕಿಂತ ಅರ್ಧ ಅಡಿ ಮೇಲಿದ್ದರೆ, ನೆಲಕ್ಕೆ ಒಂದು ಸೆಂಟಿಮೀಟರಿನಷ್ಟು ಮೇಲೆ ನಿಲ್ಲುವ ಪರದೆಯ ಇಳಿಬಿದ್ದ ಉದ್ದ ಹತ್ತಿರಹತ್ತಿರ 225 ಸೆಂ.ಮೀ. ಆಗುತ್ತದೆ.

ಒಂದೊಂದು ಭಾಗಕ್ಕೆ 16 ರಿಂಗ್ ಇಡಿ. ಈ ಸಂಖ್ಯೆ ಸಮವೇ ಆಗಿರಬೇಕು. ಹಾಗಿದ್ದರೆ ಮಾತ್ರ ಪರದೆಯ ಎರಡು ತುದಿಗಳೂ ಗೋಡೆಯ ಕಡೆಗೆ ತಿರುಗುತ್ತವೆ. ಬೆಸ ಸಂಖ್ಯೆಯ ರಿಂಗುಗಳಿರುವ ಚಿತ್ರವನ್ನು ದರ್ಜಿಯೊಬ್ಬರಿಗೆ ತೋರಿಸಿದರೆ ಅವರು ಮೊದಲು ಬೆರಳು ಮಾಡುವುದು ಕೋಣೆಯ ಕಡೆಗೆ ಚಾಚಿಕೊಂಡ ಆ ತುದಿಯನ್ನೇ. ರಿಂಗಿನಿಂದ ರಿಂಗಿಗೆ ಬಟ್ಟೆ ಸುಮಾರು 16.4 ಸೆಂ.ಮೀ. ಇದ್ದು, ಮುಚ್ಚಿದ ಪರದೆ ರಾಡಿನ ಮೇಲೆ ಹಿಡಿಯುವ ಜಾಗ ರಿಂಗೊಂದಕ್ಕೆ 6.6 ಸೆಂ.ಮೀ. ಮಾತ್ರ. ಮಿಕ್ಕ ಬಟ್ಟೆ ಹಿಂದೆ ಮುಂದೆ ಹೋಗಲೇಬೇಕಾದ್ದರಿಂದ ನೆರಿಗೆಯ ಆಳ 13ರಿಂದ 15 ಸೆಂ.ಮೀ. ಬರುತ್ತದೆ. ಅದರಲ್ಲಿ ಅರ್ಧ ರಾಡಿನ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಬ್ರಾಕೆಟ್ ರಾಡನ್ನು ಗೋಡೆಯಿಂದ 9 ಸೆಂ.ಮೀ. ಆದರೂ ದೂರ ಹಿಡಿದಿರಬೇಕು. ಕಂಪ್ಯೂಟರಿನ ಬಟ್ಟೆ ಗೋಡೆಯೊಳಗೆ ಸದ್ದಿಲ್ಲದೆ ತೂರಿಹೋಗುತ್ತದೆಯಾದ್ದರಿಂದ, ಈ ತಪ್ಪು ಮುಂದಿನಿಂದ ನೋಡಿದಾಗ ಗೊತ್ತೇ ಆಗುವುದಿಲ್ಲ. ಮೇಲಿನಿಂದ ನೋಡಿ ಖಚಿತಪಡಿಸಿಕೊಳ್ಳಬೇಕು.

ಬ್ಲೆಂಡರಿನಲ್ಲಿ 262 × 225 ಸೆಂ.ಮೀ.ನ ಹಾಳೆಯೊಂದನ್ನು ಮಾಡಿ, ಒಂದೂವರೆ ಸೆಂಟಿಮೀಟರಿಗೊಂದು ಬಿಂದು ಬರುವಷ್ಟು ವಿಭಾಗಿಸಿ. ಮೇಲಿನ ಸಾಲನ್ನು Pin Group ಮಾಡಿ, ಅದು ಚಪ್ಪಟೆಯಿಂದ ಅಲೆಯಾಕಾರಕ್ಕೆ ನಿಧಾನವಾಗಿ ಕೂಡಿಕೊಳ್ಳುವಂತೆ Shape Key ಕೊಟ್ಟು, Cloth ಸಿಮ್ಯುಲೇಶನ್ ಓಡಿಸಿ. Self Collisions ಹಾಕಿರಲೇಬೇಕು, ಇಲ್ಲವಾದರೆ ನೆರಿಗೆಗಳು ಒಂದರೊಳಗೊಂದು ಹೊಕ್ಕು, ಹಿಂಬೆಳಕಿನಲ್ಲಿ ಅರ್ಥವಿಲ್ಲದ ಕಪ್ಪು ಗೆರೆಗಳಾಗಿ ಕಾಣುತ್ತವೆ. ಸಿಮ್ಯುಲೇಶನ್ ಮುಗಿದ ಮೇಲೆ ಬಟ್ಟೆಗೆ ದಪ್ಪ ಕೊಡಲು Solidify ಹಾಕುವ ಅಭ್ಯಾಸ ಅನೇಕರಿಗಿದೆ. ತೆಳು ಪರದೆಗೆ ಅದು ಬೇಡ. ದಪ್ಪ ಕೊಟ್ಟರೆ ಬೆಳಕು ಒಂದು ಬಟ್ಟೆಯನ್ನು ದಾಟುವಾಗ ಎರಡು ಮೇಲ್ಮೈಗಳನ್ನು ದಾಟಬೇಕಾಗಿ, ನೀವು ಅಳೆದ 0.40 ಸದ್ದಿಲ್ಲದೆ 0.16 ಆಗಿಬಿಡುತ್ತದೆ.

ಸಾಂದ್ರತೆ ಕೋನಕ್ಕೆ ತಕ್ಕಂತೆ

ಇಡೀ ಕೆಲಸದ ತಿರುಳು ಇಲ್ಲಿದೆ. ವಾಯಿಲ್ ಬಟ್ಟೆಯ ತುಂಡನ್ನು ಕಿಟಕಿಗೆ ಅಭಿಮುಖವಾಗಿ ಹಿಡಿದು ನಿಧಾನವಾಗಿ ಓರೆ ಮಾಡುತ್ತ ಹೋದರೆ, ಹೊರಗಿನ ನೋಟ ಮಸುಕಾಗುತ್ತ ಬಂದು ಕೊನೆಗೆ ಮುಚ್ಚಿಯೇ ಹೋಗುತ್ತದೆ. ಓರೆಯಾದಷ್ಟೂ ಕಣ್ಣಿನ ಗೆರೆಗೆ ಹೆಚ್ಚು ಎಳೆಗಳು ಅಡ್ಡ ಬರುತ್ತವೆ, ರಂಧ್ರಗಳು ಕಿರಿದಾಗುತ್ತವೆ. ನೆರಿಗೆಯ ಉಬ್ಬಿನ ನೆತ್ತಿ ನಮಗೆ ಅಭಿಮುಖವಾಗಿರುವುದರಿಂದ ಅಲ್ಲಿ ಮರ ಕಾಣುತ್ತದೆ. ನೆರಿಗೆಯ ಪಕ್ಕೆ ಓರೆಯಾಗಿರುವುದರಿಂದ ಅಲ್ಲಿ ಬಟ್ಟೆ ಮಾತ್ರ ಕಾಣುತ್ತದೆ. ಹೀಗಾಗಿ ತೆಳು ಪರದೆಯ ಹಿಂದಿನ ನೋಟ ಯಾವತ್ತೂ ಇಡಿಯಾಗಿ ಕಾಣದೆ, ಸೀಳು ಸೀಳಾಗಿ, ಲಂಬ ಪಟ್ಟಿಗಳಲ್ಲಿ ಕಾಣುತ್ತದೆ. ಒಂದೇ ಸಂಖ್ಯೆಯ ಪಾರದರ್ಶಕತೆ ಕೊಟ್ಟ ಚಿತ್ರದಲ್ಲಿ ಇಲ್ಲದಿರುವುದು ಈ ಪಟ್ಟಿಗಳೇ.

ಸೂತ್ರ ಸರಳವಾಗಿದೆ:

```
T = 0.40 ^ (1 / |N · I|)
```

ಇಲ್ಲಿ N ಎಂದರೆ ಬಟ್ಟೆಯ ಮೇಲ್ಮೈ ಮುಖಮಾಡಿರುವ ದಿಕ್ಕು, I ಎಂದರೆ ನೋಟದ ದಿಕ್ಕು. ಅಭಿಮುಖವಾಗಿರುವಲ್ಲಿ T 0.40, ಬಟ್ಟೆ 60 ಡಿಗ್ರಿ ಓರೆಯಾದಲ್ಲಿ 1 / 0.5 = 2 ಆಗುವುದರಿಂದ T 0.16ಕ್ಕೆ ಇಳಿಯುತ್ತದೆ. ಇದು ನೇಯ್ಗೆಯ ಪ್ರತಿ ಎಳೆಯನ್ನೂ ಲೆಕ್ಕಕ್ಕೆ ಹಿಡಿಯದ ಅಂದಾಜು ಸೂತ್ರವಾದರೂ, ಕೋಣೆಯಷ್ಟು ದೂರದಿಂದ ನೋಡುವ ಚಿತ್ರಕ್ಕೆ ಸಾಕಾಗುತ್ತದೆ.

ನೋಡ್‌ಗಳಲ್ಲಿ ಹೀಗೆ ಜೋಡಿಸಿ. Geometry ನೋಡಿನ Normal ಮತ್ತು Incoming ಎರಡನ್ನೂ Vector Math ನೋಡಿನ Dot Productಗೆ ಕೊಡಿ. ಬಂದದ್ದಕ್ಕೆ Math ನೋಡಿನಲ್ಲಿ Absolute, ನಂತರ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬರದಂತೆ Maximum 0.05, ಆಮೇಲೆ 1ನ್ನು ಅದರಿಂದ Divide, ಕೊನೆಗೆ Base 0.40 ಇರುವ Power. ಈ ಫಲವನ್ನು Mix Shader ನೋಡಿನ Facಗೆ ಕೊಟ್ಟು, ಅದರ ಮೊದಲ ಕಿಂಡಿಗೆ ಬಟ್ಟೆಯನ್ನೂ ಎರಡನೆಯ ಕಿಂಡಿಗೆ Transparent BSDFಅನ್ನೂ ಜೋಡಿಸಿ. ಬಟ್ಟೆ ಎಂದರೆ ಇಲ್ಲಿ Diffuse BSDF ಮತ್ತು Translucent BSDF ಅರ್ಧರ್ಧ ಬೆರೆತದ್ದು. ಹಿಂಬೆಳಕಿನಲ್ಲಿ ಹೊಳಪು ಕೊಡುವುದು ಎರಡನೆಯದೇ ಆದ್ದರಿಂದ, ಪರದೆ ಕೋಣೆಯ ಕಡೆಗೆ ಮಂಕಾಗಿ ಬೂದಿಬಣ್ಣಕ್ಕೆ ತಿರುಗಿದ್ದರೆ ಅದು ಸರಿಯಾಗಿ ಜೋಡಣೆಯಾಗಿಲ್ಲವೆಂದೇ ತಿಳಿಯಬೇಕು. ಇದೇ ಸೂತ್ರ ನೆರಳಿನ ಕಿರಣಗಳಿಗೂ ಅನ್ವಯಿಸುವುದರಿಂದ ನೆಲದ ಮೇಲೆ ಬೀಳುವ ಪರದೆಯ ನೆರಳಿನಲ್ಲೂ ನೆರಿಗೆಯ ಪಟ್ಟಿಗಳು ತಾವಾಗಿಯೇ ಮೂಡುತ್ತವೆ.

ರೆಂಡರ್ ಸೆಟ್ಟಿಂಗಿನ Light Paths ವಿಭಾಗದಲ್ಲಿ Transparent ಎಂಬ ಸಂಖ್ಯೆ ಸಾಮಾನ್ಯವಾಗಿ 8 ಇರುತ್ತದೆ. ಬದಿಗೆ ಸರಿಸಿ ಒತ್ತಾಗಿ ಕೂಡಿಸಿದ ಪರದೆಯಲ್ಲಿ ಒಂದು ಕಿರಣ ಅದಕ್ಕಿಂತ ಹೆಚ್ಚು ಪದರಗಳನ್ನು ದಾಟಬೇಕಾಗಿ ಬಂದರೆ, ಅಲ್ಲಿ ಲೆಕ್ಕ ನಿಂತುಹೋಗಿ ಮಸಿ ಬಳಿದಂಥ ಕಪ್ಪು ಕಲೆಗಳು ಕಾಣುತ್ತವೆ. ಸಂಖ್ಯೆಯನ್ನು 32ಕ್ಕೆ ಏರಿಸಿದರೆ ಕಲೆಗಳು ಹೋಗುತ್ತವೆ. ಹೋಗದಿದ್ದರೆ ತಪ್ಪು ಬಟ್ಟೆಯ ಆಕಾರದಲ್ಲಿದೆ.

ಅಂಚು ಮತ್ತು ಹೊಲಿಗೆ

ಕೊಳ್ಳುವವರ ಕಣ್ಣು ತಿಳಿದೋ ತಿಳಿಯದೆಯೋ ಹೋಗಿ ನಿಲ್ಲುವುದು ಕೆಳಗಿನ ಅಂಚಿನ ಮೇಲೆ. ದರ್ಜಿ ಕೆಳ ಅಂಚನ್ನು ಸುಮಾರು 4 ಅಂಗುಲದಷ್ಟು ಎರಡು ಬಾರಿ ಮಡಿಸಿ ಹೊಲಿದಾಗ ಅಲ್ಲಿ ಬಟ್ಟೆ ಮೂರು ಪದರವಾಗುತ್ತದೆ. 0.40ನ್ನು ಮೂರು ಬಾರಿ ಗುಣಿಸಿದರೆ 0.064, ಅಂದರೆ ಪರದೆಯುದ್ದಕ್ಕೂ ಕಾಣುವ ಹೊರನೋಟ ಆ ಪಟ್ಟಿಯಲ್ಲಿ ಹೆಚ್ಚುಕಡಿಮೆ ಇಲ್ಲವಾಗಿ, ನೇರ ಗೆರೆ ಕೊರೆದಂತೆ ಗಾಢವಾದ ಬಣ್ಣವೊಂದು ಉಳಿಯುತ್ತದೆ. ಪಕ್ಕದ ಅಂಚುಗಳಲ್ಲೂ ಹೀಗೆಯೇ ಒಂದು ಅಂಗುಲದ ಕಿರುಪಟ್ಟಿ ಇರುತ್ತದೆ. ಬಟ್ಟೆಯ ಪನ್ನ ಚಿಕ್ಕದಾಗಿದ್ದು ಎರಡು ತುಂಡುಗಳನ್ನು ಕೂಡಿಸಿ ಹೊಲಿದಿದ್ದರೆ, ಆ ಕೂಡುಹೊಲಿಗೆ ಮೇಲಿನಿಂದ ಕೆಳಗಿನವರೆಗೆ ತೆಳುವಾದ ಕಪ್ಪು ದಾರದಂತೆ ಹಿಂಬೆಳಕಿನಲ್ಲಿ ಎದ್ದು ಕಾಣುತ್ತದೆ. ಅಂಗಡಿ ಮಾರುವ ಪರದೆಯಲ್ಲಿ ಅದು ಇದ್ದರೆ ಚಿತ್ರದಲ್ಲೂ ಇರಲಿ.

ಇದಕ್ಕಾಗಿ ನಿಜವಾಗಿ ಮಡಿಕೆ ಮಾಡಬೇಕಾಗಿಲ್ಲ. ಹಾಳೆಯ ಮೇಲೆ ಅಂಚಿನ ಜಾಗವನ್ನು ಕಪ್ಪುಬಿಳುಪಿನ ಮುಖವಾಡವಾಗಿ ಗುರುತಿಸಿ, ಅಲ್ಲಿ Powerನ Base 0.40ರ ಬದಲು 0.064 ಆಗುವಂತೆ ಮಾಡಿದರೆ ಸಾಕು. 

ಕಿಟಕಿಯಾಚೆಯ ನೋಟ

ಹೊರಗಿನ ನೋಟಕ್ಕೆ ಸಿಕ್ಕಿದ ಛಾಯಾಚಿತ್ರವೊಂದನ್ನು ಅಂಟಿಸಿದಾಗ ಅದು ಏಕೆ ಸುಳ್ಳೆನಿಸುತ್ತದೆ ಎಂಬುದಕ್ಕೆ ಮೊದಲ ಉತ್ತರ ದಿಗಂತದ ಗೆರೆ. ನೋಡುವವರು ಎಷ್ಟನೆಯ ಮಹಡಿಯಲ್ಲಿದ್ದರೂ ದಿಗಂತ ಅವರ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಕೋಣೆಯ ಕ್ಯಾಮೆರಾ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸಮತಟ್ಟಾಗಿ ನಿಂತಿದ್ದರೆ, ಹೊರಚಿತ್ರದ ದಿಗಂತವೂ ಅದೇ 1.3 ಮೀಟರಿನ ಗೆರೆಗೆ ಕೂಡಬೇಕು. ಎರಡನೆಯ ಉತ್ತರ ಹೊರಚಿತ್ರ ತೆಗೆದ ಎತ್ತರ. ಮೂರನೆಯ ಮಹಡಿಯಿಂದ ನೋಡಿದರೆ ಕಣ್ಣು ರಸ್ತೆಯಿಂದ ಸುಮಾರು 10 ಮೀಟರ್ ಮೇಲಿರುತ್ತದೆ. ಹೊಂಗೆಯ ಮರದ ನೆತ್ತಿ, ಎದುರು ಮನೆಯ ತಾರಸಿ, ಅದರ ಮೇಲಿನ ನೀರಿನ ಟ್ಯಾಂಕಿನ ಮುಚ್ಚಳ ಕಾಣುತ್ತವೆ. ರಸ್ತೆಯಲ್ಲಿ ನಿಂತು ತೆಗೆದ ಚಿತ್ರದಲ್ಲಿ ಕೊಂಬೆಗಳ ಅಡಿಭಾಗ, ಬಾಲ್ಕನಿಗಳ ತಳ ಕಾಣುತ್ತವೆ. ಈ ವ್ಯತ್ಯಾಸವನ್ನು ಯಾವ ತಿದ್ದುಪಡಿಯಿಂದಲೂ ಮರೆಮಾಚಲು ಆಗುವುದಿಲ್ಲ. ಆದ್ದರಿಂದ ಅಂಥದೇ ಮಹಡಿಯ ಕಿಟಕಿಯೊಂದರಿಂದ ಚಿತ್ರ ತೆಗೆಯಲು ಅನುಮತಿ ಪಡೆದು, ಒಂದು ಬೆಳಗ್ಗೆಯನ್ನು ಅದಕ್ಕೆ ಮೀಸಲಿಡುವುದೇ ಸರಿಯಾದ ದಾರಿ.

ಅಂತರಜಾಲದಲ್ಲಿ ಉಚಿತವಾಗಿ ಸಿಗುವ ಆಕಾಶದ ಎಚ್‌ಡಿಆರ್‌ಐ ಚಿತ್ರಗಳಲ್ಲಿ ಹಲವು ಯುರೋಪಿನವು. ಅವುಗಳಲ್ಲಿ ಸೂರ್ಯ ತಗ್ಗಿನಲ್ಲಿದ್ದು, ಮಧ್ಯಾಹ್ನದ ಬಿಸಿಲೂ ಕೋಣೆಯ ಒಳಗೆ ಆಳವಾಗಿ ಬರಬಹುದು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರ್ 21ರ ನಡುಹಗಲಿನಲ್ಲೂ ಸೂರ್ಯ ದಕ್ಷಿಣದಲ್ಲಿ 53 ಡಿಗ್ರಿಗಿಂತ ಮೇಲೆಯೇ ಇರುತ್ತಾನೆ. ಜೂನ್ 21ರಂದು ಉತ್ತರದ ಕಡೆಗೆ ಸುಮಾರು 80 ಡಿಗ್ರಿ ಎತ್ತರದಲ್ಲಿರುತ್ತಾನೆ. ಕಿಟಕಿಯ ಮೇಲಿನ ಸಜ್ಜ ಆ ಬಿಸಿಲಿನ ಬಹುಪಾಲನ್ನು ತಡೆದುಬಿಡುತ್ತದೆ. ಪರದೆಯ ಮೇಲೆ ನೇರ ಬಿಸಿಲು ಬಿದ್ದು ನೆಲದ ಮೇಲೆ ಉದ್ದ ನೆರಳು ಚಾಚುವ ಚಿತ್ರ ಬೇಕಾದರೆ, ಕಿಟಕಿ ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡಿರಬೇಕು, ಹೊತ್ತು ಬೆಳಗ್ಗೆಯೋ ಸಂಜೆಯೋ ಆಗಿರಬೇಕು, ಹೊರಚಿತ್ರದ ಕಟ್ಟಡಗಳ ನೆರಳೂ ಅದೇ ದಿಕ್ಕಿಗೆ ಬಿದ್ದಿರಬೇಕು. ಸಂಜೆ ಪಶ್ಚಿಮದ ಕಿಟಕಿಯಾಚೆ ಸೂರ್ಯನಿರುವಾಗ ನಮಗೆ ಕಾಣುವುದು ಎದುರು ಮನೆಯ ನೆರಳಿನ ಮುಖ; ಅದು ಬಿಸಿಲಿನಲ್ಲಿ ಥಳಥಳಿಸುತ್ತಿದ್ದರೆ ಚಿತ್ರದಲ್ಲಿ ಎರಡು ಸೂರ್ಯರಿದ್ದಂತಾಗುತ್ತದೆ.

ನಮ್ಮ ಕಿಟಕಿಗಳಿಗೆ ಗ್ರಿಲ್ ಇದೆ, ಸೊಳ್ಳೆಯ ಜಾಲರಿ ಇದೆ. ಚಿತ್ರ ಚೆಂದ ಕಾಣಲೆಂದು ಇವೆರಡನ್ನೂ ತೆಗೆದುಹಾಕುವುದನ್ನು ನಾನು ಒಪ್ಪುವುದಿಲ್ಲ. ಬೆಳಗಿನ ಬಿಸಿಲಿನಲ್ಲಿ ಗ್ರಿಲ್ಲಿನ ನೆರಳು ನೆರಿಗೆಗಳ ಮೇಲೆ ಬಿದ್ದಾಗ, ನೇರ ಸರಳು ಬಟ್ಟೆಯ ಉಬ್ಬುತಗ್ಗನ್ನು ಅನುಸರಿಸಿ ಅಲೆಯಾಗಿ ಬಾಗುತ್ತದೆ. ಬಟ್ಟೆ ಎಷ್ಟು ಆಳವಾಗಿ ನೆರಿಗೆಗೊಂಡಿದೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಬೇರೇನೂ ತೋರಿಸುವುದಿಲ್ಲ.

ಹೊರಚಿತ್ರವನ್ನು ಕಿಟಕಿಗೆ ತಾಗಿಸಿ ನಿಲ್ಲಿಸದೆ, 20–30 ಮೀಟರ್ ದೂರದಲ್ಲಿ ದೊಡ್ಡ ಫಲಕವಾಗಿ ನಿಲ್ಲಿಸಿ. ಹಾಗೆ ಮಾಡಿದರೆ ಕ್ಯಾಮೆರಾ ಸ್ವಲ್ಪ ಸರಿದಾಗ ಕಿಟಕಿಯ ಚೌಕಟ್ಟಿನಾಚೆ ನೋಟವೂ ತಕ್ಕಷ್ಟು ಸರಿಯುತ್ತದೆ. ಫಲಕದ Ray Visibility ವಿಭಾಗದಲ್ಲಿ Diffuse ಮತ್ತು Shadow ಎರಡನ್ನೂ ತೆಗೆದುಬಿಡಿ. ಬೆಳಕು ಆಕಾಶದಿಂದಲೇ ಬರಲಿ, ಫಲಕ ಅದಕ್ಕೆ ಅಡ್ಡ ಬರದಿರಲಿ. ಕಿಟಕಿಯ ಗಾಜಿಗೆ Glass BSDF ಹಾಕಿದರೆ ಕೋಣೆಯೊಳಗೆ ಬೆಳಕು ಸರಿಯಾಗಿ ಬರದೆ ಚುಕ್ಕಿಗಳು ತುಂಬುತ್ತವೆ. ಹಗಲಿನ ಚಿತ್ರದಲ್ಲಿ ಪರದೆಯ ಹಿಂದಿನ ಗಾಜು ಕಾಣುವುದೇ ಇಲ್ಲವೆನ್ನಬಹುದಾದ್ದರಿಂದ ಅದನ್ನು ಬಿಟ್ಟರೂ ನಷ್ಟವಿಲ್ಲ.

ಹೊರಗಿನ ಬೆಳಕಿನ ಪ್ರಮಾಣ

ನಡುಹಗಲ ಬಿಸಿಲಿಗೂ ಕಿಟಕಿಯ ಬೆಳಕನ್ನೇ ನಂಬಿರುವ ಹಜಾರಕ್ಕೂ ಕ್ಯಾಮೆರಾದ ಲೆಕ್ಕದಲ್ಲಿ ಆರೇಳು ಸ್ಟಾಪಿನ ವ್ಯತ್ಯಾಸ ಇರುವುದು ಸಾಮಾನ್ಯ. ಏಳು ಸ್ಟಾಪ್ ಎಂದರೆ 128 ಪಟ್ಟು. ಅದನ್ನು ಹಾಗೆಯೇ ಇಟ್ಟರೆ ಕಿಟಕಿ ಬರಿ ಬಿಳಿಯಾಗುತ್ತದೆ. ಹೊರಗನ್ನು ಒಳಗಿನಷ್ಟೇ ಬೆಳಕಿಗೆ ಇಳಿಸಿದರೆ ಗೋಡೆಗೆ ಪೋಸ್ಟರ್ ಅಂಟಿಸಿದಂತಾಗುತ್ತದೆ. ಒಳಗಿನ ಬಿಳಿ ಗೋಡೆಗಿಂತ ಹೊರಗಿನ ಆಕಾಶ ಎರಡರಿಂದ ಮೂರು ಸ್ಟಾಪ್ ಮೇಲಿರುವಂತೆ ಇಟ್ಟರೆ ಕಣ್ಣು ಒಪ್ಪುತ್ತದೆ.

ಈಗ ಪರದೆಯ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ಗೋಡೆ 1 ಎಂದಾದರೆ ಆಕಾಶ 8, ಮರ 1 ಇರಲಿ. ಇವುಗಳ ಅನುಪಾತ 8:1. ಪರದೆ ಅಭಿಮುಖವಾಗಿರುವಲ್ಲಿ ಇವು 3.2 ಮತ್ತು 0.4 ಆಗುತ್ತವೆ, ಬಟ್ಟೆಯ ಸ್ವಂತ ಹೊಳಪು 1 ಎಂದುಕೊಂಡು ಸೇರಿಸಿದರೆ 4.2 ಮತ್ತು 1.4 ಆಗುತ್ತವೆ. ಅನುಪಾತ 3:1ಕ್ಕೆ ಇಳಿಯಿತು. ಪಕ್ಕೆಯಲ್ಲಿ T 0.16 ಇರುವಲ್ಲಿ ಇದೇ ಲೆಕ್ಕ 2:1ಕ್ಕೆ ಬರುತ್ತದೆ. ತೆಳು ಪರದೆಯ ಹಿಂದಿನ ಮರ ಎಂದಿಗೂ ಕಪ್ಪಾಗಿ ಕಾಣಕೂಡದು ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ಚಿತ್ರದಲ್ಲಿ ಕಾಂಡ ಕಡುಕಪ್ಪಾಗಿ ಕಾಣುತ್ತಿದ್ದರೆ ಬಟ್ಟೆಯ ಚದುರಿದ ಬೆಳಕು ಕಡಿಮೆಯಾಗಿದೆ ಎಂದರ್ಥ.

ಬ್ಲೈಂಡುಗಳಿಗೂ ಈ ಲೆಕ್ಕವೇ ಅನ್ವಯಿಸುತ್ತದೆ. ಶೇ. 5ರಷ್ಟು ರಂಧ್ರವಿರುವ ಸನ್‌ಸ್ಕ್ರೀನ್ ರೋಲರ್ ಬ್ಲೈಂಡಿನಲ್ಲಿ ಬಿಳಿ ಬಟ್ಟೆಗಿಂತ ಕಪ್ಪು ಬಟ್ಟೆಯಲ್ಲೇ ಹೊರನೋಟ ಸ್ಪಷ್ಟವಾಗಿ ಕಾಣುವುದು, ಕಪ್ಪು ಎಳೆಗಳು ಬೆಳಕನ್ನು ಚದುರಿಸದೆ ಹೀರಿಕೊಳ್ಳುವುದರಿಂದ. ಎರಡಕ್ಕೂ ಒಂದೇ ನೋಟ ತೋರಿಸಿದರೆ ಕೊಳ್ಳುವವರಿಗೆ ತಪ್ಪು ಮಾಹಿತಿ ಕೊಟ್ಟಂತೆ. ರೋಲರ್ ಬ್ಲೈಂಡಿನ ಬಟ್ಟೆ ಅದರ ಬ್ರಾಕೆಟುಗಳ ನಡುವಿನ ಅಳತೆಗಿಂತ ಕಿರಿದಾಗಿರುವುದರಿಂದ ಎರಡೂ ಬದಿಯಲ್ಲಿ ಬೆಳಕಿನ ಸೀಳು ಬೀಳುತ್ತದೆ; ಬ್ಲ್ಯಾಕೌಟ್ ಬಟ್ಟೆಯಾದರೂ ಅದು ತಪ್ಪುವುದಿಲ್ಲ, ಚಿತ್ರದಲ್ಲೂ ತಪ್ಪಬಾರದು.

ಬಣ್ಣದ ತಾಳೆ

ಕೆನೆಬಣ್ಣದ ಬಟ್ಟೆ ಎರಡು ಪದರವಾದಲ್ಲಿ ಹೆಚ್ಚು ಹಳದಿಯಾಗುತ್ತದೆ. ಒಂದು ಪದರದ ಬಣ್ಣ ಕೆಂಪು 0.95, ಹಸಿರು 0.90, ನೀಲಿ 0.78 ಇದ್ದರೆ, ಎರಡು ಪದರ ದಾಟಿದ ಬೆಳಕಿನಲ್ಲಿ ನೀಲಿ 0.61ಕ್ಕೆ ಇಳಿಯುತ್ತದೆ, ಕೆಂಪು 0.90ರಲ್ಲೇ ನಿಲ್ಲುತ್ತದೆ. ಇದು ನಿಜವಾದ ಬಟ್ಟೆಯ ಗುಣವೇ ಆದ್ದರಿಂದ ತಿದ್ದಬಾರದು. ಆದರೆ ಹಿಂಬೆಳಕಿನ ಚಿತ್ರವೊಂದನ್ನೇ ನೋಡಿ ಬಣ್ಣ ಆರಿಸಿದವರು, ಮನೆಗೆ ಬಂದ ಪೊಟ್ಟಣ ಬಿಚ್ಚಿದಾಗ ಬಟ್ಟೆ ಬಿಳಿಚಿಕೊಂಡಿದೆ ಎಂದು ದೂರುತ್ತಾರೆ. ಹಾಗಾಗಿ ಪ್ರತಿ ಬಣ್ಣಕ್ಕೂ ಮುಂದಿನಿಂದ ಬೆಳಕು ಬಿದ್ದ ಒಂದು ಬಟ್ಟೆತುಂಡಿನ ಚಿತ್ರ ಜೊತೆಗಿರಲೇಬೇಕು. ಬ್ಲೆಂಡರ್ 4.0ರಿಂದ ಮೊದಲೇ ಆಯ್ಕೆಯಾಗಿರುವ AgX ಎಂಬ ವೀಕ್ಷಣಾ ಕ್ರಮ ಕಿಟಕಿಯ ಪ್ರಖರ ಬೆಳಕನ್ನು ಮೃದುವಾಗಿ ಇಳಿಸುವುದರಿಂದ ಕೋಣೆಯ ಚಿತ್ರಕ್ಕೆ ಒಳ್ಳೆಯದು; ಅದು ಬಣ್ಣವನ್ನೂ ಕೊಂಚ ಮಾಸಲು ಮಾಡುವುದರಿಂದ ಬಟ್ಟೆತುಂಡಿನ ಚಿತ್ರಕ್ಕೆ Standard ಇಡಿ. ಆ ತುಂಡಿನ ಚಿತ್ರವನ್ನು ಅಂಗಡಿಯಿಂದ ತಂದ ಸ್ಯಾಂಪಲ್ಲಿನ ಪಕ್ಕ, ಕಿಟಕಿಯ ಹಗಲು ಬೆಳಕಿನಲ್ಲಿ ಹಿಡಿದು ಹೋಲಿಸಿ, ತಾಳೆಯಾದ ಬಣ್ಣವನ್ನೇ ಕೋಣೆಯ ಚಿತ್ರಕ್ಕೂ ಬಳಸಬೇಕು.

ಚುಕ್ಕಿ ಅಳಿಸುವ Denoise ಕೋಣೆಯ ಚಿತ್ರಕ್ಕೆ ಸರಿ. ನೇಯ್ಗೆಯನ್ನು ಹತ್ತಿರದಿಂದ ತೋರಿಸುವ ಚಿತ್ರದಲ್ಲಿ ಅದು ಎಳೆಗಳನ್ನೂ ಅಳಿಸಿಹಾಕುವುದರಿಂದ, ಅಲ್ಲಿ ಅದನ್ನು ತೆಗೆದು ಸ್ಯಾಂಪಲ್ ಸಂಖ್ಯೆಯನ್ನು ಹೆಚ್ಚಿಸಬೇಕು. ಇನ್ನು ತೆಳು ಪರದೆಯ ಹಗಲಿನ ಚಿತ್ರದ ಪಕ್ಕ ರಾತ್ರಿಯದೊಂದನ್ನು, ಹೊರಗಿನಿಂದ ನೋಡಿದಂತೆ, ಇಡಲು ಅಂಗಡಿಯವರನ್ನು ಒಪ್ಪಿಸಿ. ಒಳಗೆ ದೀಪ ಹೊತ್ತಿದಾಗ ಬೆಳಕಿನ ದಿಕ್ಕು ತಿರುಗುಮುರುಗಾಗಿ, ಅದೇ 0.40 ಈಗ ಕೋಣೆಯೊಳಗಿನವರನ್ನು ರಸ್ತೆಗೆ ತೋರಿಸುತ್ತದೆ. ಹಿಂದೆ ದಪ್ಪ ಪರದೆಯೊಂದು ಬೇಕೇ ಬೇಡವೇ ಎಂಬುದನ್ನು ಕೊಳ್ಳುವವರು ಆ ಚಿತ್ರ ನೋಡಿಯೇ ತೀರ್ಮಾನಿಸಬಹುದು.